ಒಬ್ಬರೂ ಕೇಳದ ಎಂಬತ್ತು

ಹಾವೇರಿ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಹಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಸಂಘದ ಹೆಸರು ಬೇಡ. ಆಡಳಿತ ಮಂಡಳಿಯಲ್ಲಿ ಒಂಬತ್ತು ಜನ ನಿರ್ದೇಶಕರು, ತಿಂಗಳಿಗೊಂದು ಸಭೆ. ವಿಷಯಪಟ್ಟಿ ಕಳಿಸುವುದು, ಮೂಲೆಯಲ್ಲಿ ಕೂತು ನಡಾವಳಿ ಬರೆಯುವುದು, ಕೊನೆಗೆ ಠರಾವಿಗೆ ಸಹಿ ಹಾಕಿಸುವುದು ನನ್ನ ಕೆಲಸ. ಮತ ಹಾಕುವ ಹಕ್ಕು ನನಗಿರಲಿಲ್ಲ. ಹಾಗಾಗಿ ಮಾತು ಎತ್ತ ಕಡೆ ಹೊರಳುತ್ತಿದೆ ಅಂತ ಗಮನಿಸಲು ಪುರುಸೊತ್ತು ಸಿಗುತ್ತಿತ್ತು.

ಒಂದು ವರ್ಷ ಬ್ಯಾಡಗಿ ಮೆಣಸಿನಕಾಯಿಗೆ ಒಳ್ಳೆ ಬೆಲೆ ಬಂದಿತ್ತು. ಇನ್ನೂ ಏರುತ್ತದೆ ಅಂತ ರೈತರು ಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಿದ್ದರು. ಅದರ ರಸೀತಿ ತಂದು ನಮ್ಮಲ್ಲಿ ಅಡವಿಟ್ಟು ಸಾಲ ಪಡೆಯುತ್ತಿದ್ದರು. ಪೇಟೆ ಬೆಲೆಯ ಶೇಕಡಾ 60ರಷ್ಟು ಸಾಲ ಕೊಡುವುದು ನಮ್ಮ ಹಳೆಯ ನಿಯಮ. ಇದನ್ನು ಏರಿಸಬೇಕು ಅಂತ ಬೇಡಿಕೆ ಬಂತು.

ಸಭೆಗೆ ಮೊದಲು ವಿಷಯ ತಿಳಿಸಲು ಎಲ್ಲರಿಗೂ ಫೋನ್ ಮಾಡಿದೆ. ಸುಮ್ನೆ ಕುತೂಹಲಕ್ಕೆ, "ನಿಮ್ಮ ಮನಸ್ಸಿನ್ಯಾಗ ಎಷ್ಟೈತ್ರೀ?" ಅಂತಲೂ ಕೇಳಿದೆ. ಉತ್ತರಗಳನ್ನು ಡೈರಿಯ ಅಂಚಿನಲ್ಲಿ ಗುರುತು ಹಾಕಿಕೊಂಡೆ. ಒಬ್ಬರು 60 ಸಾಕು ಅಂದರು. ಮೂವರು 65, ಮೂವರು 70, ಇಬ್ಬರು 75. ಸರಾಸರಿ ತೆಗೆದರೆ 68ರ ಮೇಲೆ ಚೂರು. ಸಭೆಯಲ್ಲಿ ಹಿಂದೆಮುಂದೆ ಮಾತಾಡಿ 70ಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ.

ಸಭೆ ನಲವತ್ತು ನಿಮಿಷ ನಡೆಯಿತು. ಮಿರ್ಚಿ, ಚಹಾ ಬಂತು. ಸರ್ವಾನುಮತದಿಂದ ಠರಾವು ಆಯಿತು: ಶೇಕಡಾ 80.

ಒಂಬತ್ತು ಜನರಲ್ಲಿ ಒಬ್ಬರೂ 80 ಅಂದಿರಲಿಲ್ಲ. ಅತಿ ಹೆಚ್ಚು ಕೇಳಿದವರು ಹೇಳಿದ್ದೇ 75. ಹಾಗಾದರೆ ಈ ಎಂಬತ್ತು ಎಲ್ಲಿಂದ ಬಂತು?

ಹತ್ತು ಜನ ಕೂತು ಮಾತಾಡಿದರೆ ಅತಿರೇಕ ಕಡಿಮೆಯಾಗುತ್ತದೆ ಅನ್ನುವುದು ನಮ್ಮ ಹಳೆಯ ನಂಬಿಕೆ. ಒಬ್ಬರು ಎಳೆದರೆ ಇನ್ನೊಬ್ಬರು ತಡೆಯುತ್ತಾರೆ, ಕೊನೆಗೆ ನಡುವೆ ಎಲ್ಲೋ ನಿಲ್ಲುತ್ತೇವೆ ಅಂತ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಜೇಮ್ಸ್ ಸ್ಟೋನರ್ ಇದನ್ನು ಪರೀಕ್ಷೆ ಮಾಡಿದರು. ಜನರ ಮುಂದೆ ಒಂದಿಷ್ಟು ಸಂದಿಗ್ಧಗಳನ್ನು ಇಟ್ಟರು. ಒಬ್ಬ ಎಂಜಿನಿಯರ್‌ಗೆ ಭದ್ರವಾದ ನೌಕರಿ ಇದೆ. ಜಾಸ್ತಿ ಸಂಬಳದ, ಆದರೆ ಉಳಿಯುತ್ತದೋ ಮುಳುಗುತ್ತದೋ ಗೊತ್ತಿಲ್ಲದ ಹೊಸ ಕಂಪನಿಯೊಂದು ಕರೆದಿದೆ. ಆ ಕಂಪನಿ ಗಟ್ಟಿಯಾಗಿ ನಿಲ್ಲುವ ಸಾಧ್ಯತೆ ಹತ್ತರಲ್ಲಿ ಕನಿಷ್ಠ ಎಷ್ಟಿದ್ದರೆ ಅವನಿಗೆ ಹೋಗು ಅನ್ನುತ್ತೀರಿ? ಮೊದಲು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಅಂಕಿ ಬರೆದರು. ಆಮೇಲೆ ಗುಂಪಾಗಿ ಚರ್ಚಿಸಿ ಒಂದು ಅಂಕಿಗೆ ಒಪ್ಪಿದರು. ಗುಂಪಿನ ಅಂಕಿ ಸರಾಸರಿಯ ಹತ್ತಿರ ನಿಲ್ಲಲಿಲ್ಲ, ಜಾಸ್ತಿ ಅಪಾಯದ ಕಡೆಗೆ ಸರಿದಿತ್ತು.

ಗುಂಪು ಅಂದರೆ ಧೈರ್ಯ ಜಾಸ್ತಿ ಅಂತ ಕೆಲವು ವರ್ಷ ಎಲ್ಲರೂ ಅಂದುಕೊಂಡರು. ಅದು ಪೂರ್ತಿ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಕೆಲವು ಪ್ರಶ್ನೆಗಳಲ್ಲಿ ಗುಂಪು ಮೊದಲಿಗಿಂತ ಅಂಜುಬುರುಕವಾಗುತ್ತಿತ್ತು. 1969ರಲ್ಲಿ ಸರ್ಜ್ ಮೊಸ್ಕೊವಿಚಿ ಮತ್ತು ಮರಿಸಾ ಜವಲೋನಿ ಫ್ರಾನ್ಸ್‌ನ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಬಿಡಿಸಿ ತೋರಿಸಿತು. ಆ ವಿದ್ಯಾರ್ಥಿಗಳಿಗೆ ತಮ್ಮ ಅಧ್ಯಕ್ಷ ದ ಗಾಲ್ ಬಗ್ಗೆ ಸ್ವಲ್ಪ ಒಲವಿತ್ತು, ಅಮೆರಿಕನ್ನರ ಬಗ್ಗೆ ಸ್ವಲ್ಪ ಅಸಮಾಧಾನ ಇತ್ತು. ಕೂತು ಚರ್ಚಿಸಿದ ಮೇಲೆ ಒಲವೂ ಹೆಚ್ಚಾಯಿತು, ಅಸಮಾಧಾನವೂ ಹೆಚ್ಚಾಯಿತು. ಅಂದರೆ ಗುಂಪು ಮೊದಲೇ ಯಾವ ಕಡೆ ವಾಲಿರುತ್ತದೋ, ಮಾತಾಡಿದ ಮೇಲೆ ಅದೇ ಕಡೆಗೆ ಇನ್ನಷ್ಟು ವಾಲುತ್ತದೆ. ಇದಕ್ಕೆ ಗುಂಪು ಧ್ರುವೀಕರಣ ಅನ್ನುತ್ತಾರೆ.

ನಮ್ಮ ಸಂಘದಲ್ಲೇ ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಹೊಲಿಗೆ ಕೆಲಸ ಮಾಡುವ ಕೆಲವು ಹೆಣ್ಣುಮಕ್ಕಳು ಯಂತ್ರ ಕೊಳ್ಳಲು ಸಣ್ಣ ಸಾಲ ಕೇಳಿದ್ದರು. ಒಬ್ಬ ಜಾಮೀನುದಾರ ಇದ್ದರೆ ಸಾಕು, ಹೆಚ್ಚೆಂದರೆ ಇಬ್ಬರು ಅಂತ ನಿರ್ದೇಶಕರು ಬಿಡಿಬಿಡಿಯಾಗಿ ಹೇಳಿದ್ದರು. ಸಭೆ ಮುಗಿಯುವ ಹೊತ್ತಿಗೆ ಇಬ್ಬರು ಜಾಮೀನುದಾರರು ಬೇಕು, ಅದರಲ್ಲಿ ಒಬ್ಬರು ಸರ್ಕಾರಿ ನೌಕರರೇ ಆಗಿರಬೇಕು ಅಂತ ಠರಾವಾಯಿತು. ಆ ಹೆಣ್ಣುಮಕ್ಕಳು ಮತ್ತೆ ಬರಲಿಲ್ಲ. ಮೆಣಸಿನಕಾಯಿ ವಿಷಯದಲ್ಲಿ ಅಷ್ಟು ಕೈಬಿಚ್ಚಿದ ಮಂಡಳಿಯೇ ಇಲ್ಲಿ ಇಷ್ಟು ಬಿಗಿಯಾಯಿತು. ಜನ ಅವರೇ, ಮೊದಲ ವಾಲು ಮಾತ್ರ ಬೇರೆ. ಈ ಎರಡನೇ ಠರಾವಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ಯಾಕಂದರೆ ಬಿಗಿಯಾದ ತೀರ್ಮಾನ ತಪ್ಪಾದರೆ ಯಾವ ಲೆಕ್ಕ ಪುಸ್ತಕದಲ್ಲೂ ಕಾಣುವುದಿಲ್ಲ.

ಈಗ ಆ ನಲವತ್ತು ನಿಮಿಷಕ್ಕೆ ಬರೋಣ. ನನ್ನ ಟಿಪ್ಪಣಿ ಇಟ್ಟುಕೊಂಡು ಮಾತುಗಳನ್ನು ಎಣಿಸಿದ್ದೇನೆ.

ಏರಿಸಬೇಕು ಅನ್ನುವುದಕ್ಕೆ ನಾಲ್ಕು ಕಾರಣ ಬಂದವು. ಬೆಲೆ ಏರುತ್ತಿದೆ. ಈ ಸಲ ಮಳೆ ಕೈಕೊಟ್ಟು ಬೆಳೆ ಕಡಿಮೆ. ಪಕ್ಕದ ಊರಿನ ಸಂಘ 75 ಕೊಡುತ್ತಿದೆ. ನಾವು ಕೊಡದಿದ್ದರೆ ರೈತ ಬಡ್ಡಿ ವ್ಯವಹಾರದವರ ಹತ್ತಿರ ಹೋಗುತ್ತಾನೆ. ನಾಲ್ಕೂ ಸರಿಯಾದ ಕಾರಣಗಳೇ, ಮತ್ತು ನಾಲ್ಕೂ ಎಲ್ಲರಿಗೂ ಗೊತ್ತಿದ್ದವೇ. ಹಾಗಾಗಿ ಒಂದೊಂದೂ ಮೂರು ನಾಲ್ಕು ಬಾಯಿಂದ ಬಂತು. 65 ಅಂದುಕೊಂಡು ಬಂದವರು ಇವನ್ನು ಮತ್ತೆ ಮತ್ತೆ ಕೇಳಿದರು. ತಾವು ಎರಡೇ ಕಾರಣ ಯೋಚಿಸಿದ್ದೆವು, ಇಲ್ಲಿ ನಾಲ್ಕಿವೆ ಅಂತ ಅವರಿಗೆ ಅನ್ನಿಸಿತು. ಮೊದಲೇ ಒಂದು ಕಡೆ ವಾಲಿದವರು ಸೇರಿದಾಗ ಆ ಕಡೆಯ ಕಾರಣಗಳೇ ರಾಶಿ ಬೀಳುತ್ತವೆ. ರಾಶಿ ನೋಡಿದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಧ್ರುವೀಕರಣಕ್ಕೆ ಸಂಶೋಧಕರು ಕೊಡುವ ಮೊದಲ ವಿವರಣೆ ಇದೇ.

ಎರಡನೆಯದು ಮುಖದಾಕ್ಷಿಣ್ಯದ ಹತ್ತಿರದ್ದು. ನಮ್ಮ ಮಂಡಳಿಯಲ್ಲಿ ಎಲ್ಲರಿಗೂ ತಾನು ರೈತರ ಪರ ಅನ್ನಿಸಿಕೊಳ್ಳುವ ಆಸೆ ಇತ್ತು. ಅದರಲ್ಲಿ ತಪ್ಪೇನಿಲ್ಲ. 65 ಅಂದುಕೊಂಡವರು ತಾವೇ ಉಳಿದವರಿಗಿಂತ ಜಾಸ್ತಿ ರೈತರ ಪರ ಅಂತ ತಿಳಿದಿದ್ದರು. ಸಭೆಗೆ ಬಂದರೆ ಪಕ್ಕದವರು 70 ಅಂದರು. ಈಗ ತಾವು ಹಿಂದೆ ಬಿದ್ದಂತಾಯಿತು. "ನಾನೂ ಎಪ್ಪತ್ತೈದರ ಮಟಾ ತಯಾರದೇನ್ರೀ" ಅಂದರು. ಅದನ್ನು ಕೇಳಿ 75ರವರು ಇನ್ನೂ ಚೂರು ಮೇಲೆ ಹೋದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರೂ ಗುಂಪು ಮೆಚ್ಚುವ ಕಡೆಯಲ್ಲಿ ಉಳಿದವರಿಗಿಂತ ಅರ್ಧ ಹೆಜ್ಜೆ ಮುಂದಿರಲು ನೋಡುತ್ತಿದ್ದರು. ಹೀಗೆ ಸರಿಯುವುದಕ್ಕೆ ಚರ್ಚೆಯೇ ಬೇಕಾಗಿಲ್ಲ, ಬೇರೆಯವರ ಅಂಕಿ ಕಣ್ಣಿಗೆ ಬಿದ್ದರೂ ಸಾಕು ಅಂತ ಪ್ರಯೋಗಗಳು ತೋರಿಸಿವೆ. ಈ ಮಾತು ನೆನಪಿರಲಿ, ಪರಿಹಾರದ ಹೊತ್ತಿಗೆ ಬೇಕಾಗುತ್ತದೆ.

ಸಭೆ ಮುಗಿದ ಮೇಲೆ ಒಂದು ಅಂಕಿ ಎಲ್ಲರ ಅಂಕಿಯನ್ನೂ ದಾಟುವುದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಡೇವಿಡ್ ಶ್ಕೇಡ್, ಕ್ಯಾಸ್ ಸನ್‌ಸ್ಟೀನ್ ಮತ್ತು ಡೇನಿಯಲ್ ಕಾನಮನ್ ಸುಮಾರು 3,000 ಜನರನ್ನು 500ಕ್ಕೂ ಹೆಚ್ಚು ನಕಲಿ ಜ್ಯೂರಿಗಳಾಗಿ ಕೂಡಿಸಿ, ತಪ್ಪು ಮಾಡಿದ ಕಂಪನಿಗೆ ಎಷ್ಟು ದಂಡ ಹಾಕುತ್ತೀರಿ ಅಂತ ಕೇಳಿದ್ದರು. ನೂರಕ್ಕೆ 27 ಪ್ರಕರಣಗಳಲ್ಲಿ ಗುಂಪು ಹಾಕಿದ ದಂಡ, ಆ ಗುಂಪಿನಲ್ಲಿ ಮೊದಲು ಅತಿ ಹೆಚ್ಚು ಬರೆದಿದ್ದವರ ಅಂಕಿಯಷ್ಟೇ ಇತ್ತು ಇಲ್ಲವೇ ಅದನ್ನೂ ಮೀರಿತ್ತು.

ಇನ್ನು ಆ ದಿನ ಬಾರದೇ ಉಳಿದ ಕಾರಣಗಳು. ಇವು ನನಗೆ ಆಮೇಲೆ, ಒಬ್ಬೊಬ್ಬರನ್ನೇ ಕೇಳಿದಾಗ ಗೊತ್ತಾದವು. ಒಬ್ಬ ನಿರ್ದೇಶಕರ ಲಾರಿ ಕೋಲ್ಡ್ ಸ್ಟೋರೇಜ್‌ಗೆ ಓಡುತ್ತಿತ್ತು. ಹಿಂದಿನ ವರ್ಷದ ಚೀಲಗಳೇ ಇನ್ನೂ ಹೊರಗೆ ಬಂದಿಲ್ಲ ಅಂತ ಅವರಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ದಲಾಲಿ ಅಂಗಡಿಯ ನಂಟಿತ್ತು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಅಲ್ವಾ? ಬಣ್ಣ ತೆಗೆಯುವ ಕಂಪನಿಗಳ ಖರೀದಿ ನಿಧಾನವಾಗಿದೆ ಅಂತ ಅವರು ಕೇಳಿದ್ದರು. ಮೂರನೆಯವರ ಬೀಗರು ಬಳ್ಳಾರಿ ಕಡೆಯವರು. ಅಲ್ಲಿ ಈ ಸಲ ಮೆಣಸಿನಕಾಯಿ ಜಾಸ್ತಿ ಹಚ್ಚಿದ್ದಾರೆ ಅನ್ನುವುದು ಅವರಿಗೆ ತಿಳಿದಿತ್ತು. ಮೂರನ್ನೂ ಒಟ್ಟಿಗೆ ಇಟ್ಟರೆ ಮಾಲು ಜಾಸ್ತಿ ಬರುತ್ತದೆ, ಕೊಳ್ಳುವವರು ಕಡಿಮೆ ಅಂತ ಚಿತ್ರ ಎದ್ದು ಕಾಣುತ್ತಿತ್ತು. ಆದರೆ ಮೂರೂ ಮೂರು ಬೇರೆ ತಲೆಗಳಲ್ಲಿದ್ದವು. ಪ್ರತಿಯೊಬ್ಬರಿಗೂ ತಮ್ಮದು ಒಂದು ಸಣ್ಣ ಅನುಮಾನ ಅಷ್ಟೇ ಅನ್ನಿಸಿತ್ತು.

1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಇದನ್ನೇ ಪ್ರಯೋಗ ಮಾಡಿದ್ದರು. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ವಿದ್ಯಾರ್ಥಿ ಸಂಘದ ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಬೇಕು. ಎಲ್ಲ ಮಾಹಿತಿ ಎಲ್ಲರ ಕೈಯಲ್ಲೂ ಇದ್ದಾಗ ನೂರಕ್ಕೆ 83 ಗುಂಪುಗಳು ನಿಜವಾಗಿ ಉತ್ತಮನಾದವನನ್ನೇ ಆರಿಸಿದವು. ಅವನ ಒಳ್ಳೆಯ ಗುಣಗಳ ವಿವರವನ್ನು ನಾಲ್ವರಿಗೆ ಚೂರುಚೂರಾಗಿ ಹಂಚಿದಾಗ ಅದು ಬರೀ 18ಕ್ಕೆ ಇಳಿಯಿತು. ಬಾಯಿಬಿಟ್ಟು ಹಂಚಿಕೊಂಡರೆ ಚಿತ್ರ ಪೂರ್ತಿಯಾಗುತ್ತಿತ್ತು. ಆದರೆ ಗುಂಪುಗಳು ಎಲ್ಲರಿಗೂ ಗೊತ್ತಿದ್ದನ್ನೇ ಹೆಚ್ಚು ಮಾತಾಡಿದವು. ಎಲ್ಲರಿಗೂ ಗೊತ್ತಿರುವ ಮಾತಿಗೆ ತಕ್ಷಣ ತಲೆಯಾಡುತ್ತದೆ. ನಿಮಗೊಬ್ಬರಿಗೇ ಗೊತ್ತಿರುವ ಮಾತಿಗೆ ಸಾಕ್ಷಿ ಕೇಳುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಧ್ರುವೀಕರಣ. ಗ್ರೂಪ್‌ಥಿಂಕ್ ಅನ್ನುವುದು ಇದಕ್ಕೆ ಹತ್ತಿರದ, ಆದರೆ ಬೇರೆಯದೇ ಕಾಯಿಲೆ. ಧ್ರುವೀಕರಣದಲ್ಲಿ ಜನರ ಅಭಿಪ್ರಾಯ ನಿಜವಾಗಿಯೇ ಬದಲಾಗುತ್ತದೆ. ಗ್ರೂಪ್‌ಥಿಂಕ್‌ನಲ್ಲಿ ಒಗ್ಗಟ್ಟು ಮುರಿಯಬಾರದು ಅನ್ನುವ ಆಸೆ ಎಷ್ಟು ಬಲವಾಗುತ್ತದೆ ಅಂದರೆ, ತೀರ್ಮಾನವನ್ನು ತಿರುವಿಹಾಕಿ ನೋಡುವ ಕೆಲಸವೇ ನಿಂತುಹೋಗುತ್ತದೆ. ಅನುಮಾನ ಇದ್ದವರು ಅದನ್ನು ನುಂಗುತ್ತಾರೆ. ಉಳಿದವರು ಆ ಮೌನವನ್ನು ಒಪ್ಪಿಗೆ ಅಂತ ಓದುತ್ತಾರೆ.

ಈ ಪದವನ್ನು ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಜಾನಿಸ್ 1970ರ ದಶಕದಲ್ಲಿ ಬಳಕೆಗೆ ತಂದರು. ಅವರ ಮುಖ್ಯ ಉದಾಹರಣೆ 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಆದದ್ದು. ಅಮೆರಿಕ ತರಬೇತಿ ಕೊಟ್ಟ ಸುಮಾರು 1,400 ಕ್ಯೂಬನ್ ವಲಸಿಗರು ದಾಳಿಗೆ ಇಳಿದರು. ಮೂರು ದಿನದೊಳಗೆ ಎಲ್ಲ ಮುಗಿಯಿತು, ಹೆಚ್ಚಿನವರು ಸೆರೆಯಾದರು. ದಾಳಿ ಸೋತರೆ ಗುಡ್ಡಗಳಿಗೆ ಓಡಿ ತಪ್ಪಿಸಿಕೊಳ್ಳಬಹುದು ಅಂತ ಅಧ್ಯಕ್ಷ ಕೆನಡಿಯ ಸಲಹೆಗಾರರು ನಂಬಿದ್ದರು. ಆದರೆ ಆ ಗುಡ್ಡಗಳು 80 ಮೈಲಿ ದೂರ, ನಡುವೆ ಜೌಗು ನೆಲ. ಭೂಪಟ ಬಿಚ್ಚಿದರೆ ಸಾಕು, ಕಾಣುತ್ತಿತ್ತು. ಸಲಹೆಗಾರರಲ್ಲಿ ಒಬ್ಬರಾದ ಆರ್ಥರ್ ಶ್ಲೆಸಿಂಗರ್‌ಗೆ ಈ ಯೋಜನೆ ಸರಿಕಂಡಿರಲಿಲ್ಲ. ಅಧ್ಯಕ್ಷರಿಗೆ ಪತ್ರ ಬರೆದು ತಿಳಿಸಿದ್ದರು ಕೂಡ. ಆದರೆ ಸಭೆಯಲ್ಲಿ ಹೆಚ್ಚಾಗಿ ಸುಮ್ಮನೆ ಕೂತರು. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಅವರನ್ನು ಪಕ್ಕಕ್ಕೆ ಕರೆದು, ಅಧ್ಯಕ್ಷರು ಮನಸ್ಸು ಮಾಡಿಯಾಗಿದೆ, ಇನ್ನು ಒತ್ತಬೇಡಿ ಅನ್ನುವ ಅರ್ಥದಲ್ಲಿ ಹೇಳಿದ್ದರು. ಹೀಗೆ ನಾಯಕನ ಕಿವಿಗೆ ಬೇಡದ ಮಾತು ಬೀಳದಂತೆ ಕಾಯುವವರು ಬಹಳಷ್ಟು ಮಂಡಳಿಗಳಲ್ಲಿ ಇರುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಕಾಯುತ್ತಾರೆ.

ನಮ್ಮಲ್ಲೂ ಇದರ ಒಂದು ಎಳೆ ಇತ್ತು. ಸಭೆ ಶುರುವಾದ ಕೂಡಲೇ ಅಧ್ಯಕ್ಷರು, "ಈ ಸಲ ರೈತರಿಗೆ ಛಲೋ ಆಗೋಹಂಗ ಮಾಡೋಣ್ರೀ, ಎಂಟಾಣೆ ಒಂಬತ್ತಾಣೆ ಅಂತ ಜಗ್ಗಾಡೋದು ಬ್ಯಾಡ" ಅಂದಿದ್ದರು. ಅವರು ಊರಿಗೇ ಬೇಕಾದ ಮನುಷ್ಯ. ಅವರ ಮಾತಿನ ಮೇಲೆ 60 ಅಂದುಕೊಂಡು ಬಂದಿದ್ದ ಲಾರಿಯವರು ಬಾಯಿ ತೆರೆಯಲೇ ಇಲ್ಲ. ಆಮೇಲೆ ನಾನು ಕೇಳಿದಾಗ, "ಹಿರ್ಯಾರು ಹೇಳಿದ ಮ್ಯಾಲ ನಾ ಒಬ್ಬಾಂವ ಏನ್ ಅಡ್ಡಬಾಯಿ ಹಾಕ್ಲಿರೀ" ಅಂದರು.

ಒಂದು ಎಚ್ಚರ ಹೇಳಬೇಕು. ಜಾನಿಸ್ ಹೇಳಿದ್ದೆಲ್ಲವೂ ಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. ಒಗ್ಗಟ್ಟು ಜಾಸ್ತಿ ಇದ್ದ ಮಾತ್ರಕ್ಕೆ ಗುಂಪು ಕೆಡುತ್ತದೆ ಅನ್ನುವುದಕ್ಕೆ ಸಾಕ್ಷಿ ಒಂದೇ ಸಮ ಸಿಕ್ಕಿಲ್ಲ. ನಾಯಕ ಮೊದಲೇ ತನ್ನ ಇಷ್ಟ ಹೇಳಿಬಿಟ್ಟರೆ ಗುಂಪು ಹುಡುಕುವ ದಾರಿಗಳು ಕಡಿಮೆಯಾಗುತ್ತವೆ ಅನ್ನುವುದಕ್ಕೆ ಹೆಚ್ಚು ಬೆಂಬಲವಿದೆ. ಹಾಗಾಗಿ ಅನ್ಯೋನ್ಯವಾಗಿರುವ ಮಂಡಳಿಯನ್ನು ಒಡೆಯಬೇಕಾಗಿಲ್ಲ. ಯಾರು ಮೊದಲು ಮಾತಾಡುತ್ತಾರೆ ಅನ್ನುವುದನ್ನು ಬದಲಿಸಬೇಕು.

ಈಗ 80ರ ಲೆಕ್ಕ ನೋಡೋಣ. ಸುಲಭವಾಗಲಿ ಅಂತ ಕ್ವಿಂಟಲ್‌ಗೆ 40,000 ರೂಪಾಯಿ ಬೆಲೆ ಇಟ್ಟುಕೊಳ್ಳಿ. 60ರ ನಿಯಮದಲ್ಲಿ ಸಾಲ 24,000. 80ರಲ್ಲಿ 32,000. ಬೆಲೆ 28,000ಕ್ಕೆ ಇಳಿಯಿತು ಅನ್ನಿ. 24,000 ಪಡೆದ ರೈತ ಕಾಯಿ ಮಾರಿ ಸಾಲ ತೀರಿಸುತ್ತಾನೆ. ಉಳಿದ 4,000ದಲ್ಲಿ ಬಡ್ಡಿ, ಕೋಲ್ಡ್ ಸ್ಟೋರೇಜ್ ಬಾಡಿಗೆ ಕಳೆಯುತ್ತದೆ. 32,000 ಪಡೆದವನಿಗೆ ಕಾಯಿ ಬಿಡಿಸಿಕೊಂಡರೆ ಕೈಯಿಂದ 4,000 ಹೋಗುತ್ತದೆ, ಬಡ್ಡಿ ಬಾಡಿಗೆ ಬೇರೆ. ಅವನು ಬಿಡಿಸಿಕೊಳ್ಳಲು ಬರುವುದಿಲ್ಲ. ಸಂಘದ ಕೈಯಲ್ಲಿ ಬಣ್ಣ ಮಂಕಾಗುತ್ತಿರುವ ಚೀಲಗಳು ಉಳಿಯುತ್ತವೆ. ನಮ್ಮಲ್ಲಿ ಹೆಚ್ಚು ಕಡಿಮೆ ಹೀಗೇ ಆಯಿತು. ಅದನ್ನು ಸರಿದೂಗಿಸಲು ಎರಡು ವರ್ಷ ಬೇಕಾಯಿತು.

ಗುಂಪು ಒಂದು ಕಡೆ ಸರಿದರೆ ಅದು ತಪ್ಪೇ ಅಂತಲ್ಲ. ಚರ್ಚೆಯಲ್ಲಿ ನಿಜವಾಗಿ ಹೊಸ ವಿಷಯ ಬಂದು ಎಲ್ಲರೂ ಸರಿದರೆ ಅದು ಕಲಿಕೆ. ವ್ಯತ್ಯಾಸ ತಿಳಿಯಲು ನಾನು ನಡಾವಳಿಯಲ್ಲಿ ಒಂದೇ ಒಂದು ಸಂಗತಿ ನೋಡುತ್ತೇನೆ. ಸಭೆ ಶುರುವಾದಾಗ ಕೂತವರಲ್ಲಿ ಹೆಚ್ಚಿನವರಿಗೆ ಗೊತ್ತಿರದ ಯಾವ ಸಂಗತಿ ಆ ದಿನ ಹೊರಬಂತು? ಆ ಮೆಣಸಿನಕಾಯಿ ಸಭೆಯಲ್ಲಿ ಒಂದೂ ಇಲ್ಲ. ಅಂಕಿ ಮಾತ್ರ 68ರಿಂದ 80ಕ್ಕೆ ಏರಿತ್ತು. ಹೊಸ ಮಾತು ಸೊನ್ನೆ, ಸರಿದದ್ದು ಹನ್ನೆರಡು. ಇಂತಹ ಠರಾವನ್ನು ಅನುಮಾನದಿಂದ ನೋಡಲೇಬೇಕು.

ಮುಂದೆ ನಾವು ಪದ್ಧತಿ ಬದಲಿಸಿದೆವು. ಮೊದಲು ಒಬ್ಬರನ್ನು ವಿರೋಧದ ಪಾತ್ರಕ್ಕೆ ನೇಮಿಸಿ ನೋಡಿದ್ದೆವು. ಅದು ನಡೆಯಲಿಲ್ಲ. ಎರಡನೇ ಸಭೆಗೇ ಆ ವಿರೋಧ ಬರೀ ಶಾಸ್ತ್ರವಾಯಿತು. ನಟಿಸಿದ ವಿರೋಧಕ್ಕಿಂತ ನಿಜವಾಗಿ ಒಪ್ಪದ ಒಬ್ಬರು ಗುಂಪಿನ ಯೋಚನೆಯನ್ನು ಚೆನ್ನಾಗಿ ಕೆದಕುತ್ತಾರೆ ಅಂತ ಶಾರ್ಲನ್ ನೆಮತ್ ಅವರ ಸಂಶೋಧನೆಯೂ ಹೇಳುತ್ತದೆ. ಹಾಗಾದರೆ ನಿಜವಾಗಿ ಒಪ್ಪದವರನ್ನು ಹುಡುಕಬೇಕು. ಅದಕ್ಕೆ ಚೀಟಿ ಬಂತು.

ಸಭೆ ಶುರುವಾಗುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡು ಸಂಗತಿ ಬರೆಯಬೇಕು. ಒಂದು ಅಂಕಿ, ಮತ್ತು ಉಳಿದವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಅವರಿಗೆ ಅನ್ನಿಸುವ ಒಂದು ವಿಷಯ. ನಾನು ಮೊದಲು ವಿಷಯಗಳನ್ನಷ್ಟೇ, ಹೆಸರು ಹೇಳದೆ ಓದುತ್ತೇನೆ. ಅಂಕಿ ಓದುವುದಿಲ್ಲ. ಬೇರೆಯವರ ಅಂಕಿ ಕಂಡರೇ ಜನ ಸರಿಯುತ್ತಾರೆ ಅಂತ ಆಗಲೇ ಹೇಳಿದೆನಲ್ಲ. ವಿಷಯಗಳ ಚರ್ಚೆ ಮುಗಿದ ಮೇಲೆ ಅಂಕಿಗಳನ್ನು ತೆರೆಯುತ್ತೇವೆ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಬರೆದವರು ಮೊದಲು ಮಾತಾಡುತ್ತಾರೆ, ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ. ಠರಾವಿನ ಕೆಳಗೆ ಅದಕ್ಕೆ ವಿರುದ್ಧವಾದ ಅತಿ ಬಲವಾದ ಕಾರಣವನ್ನೂ ಬರೆಯುತ್ತೇವೆ. ದೊಡ್ಡ ವಿಷಯವಾದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಕೂರುತ್ತೇವೆ. ಈ ಎರಡನೇ ಬೈಠಕ್ಕನ್ನು ಜಾನಿಸ್ ಕೂಡ ಸೂಚಿಸಿದ್ದರು.

ಅಧ್ಯಕ್ಷರು ಕೊನೆಗೆ ಮಾತಾಡುವುದಕ್ಕೆ ನಮ್ಮ ಹಿರಿಯರು ಒಪ್ಪುತ್ತಾರೋ ಇಲ್ಲವೋ ಅಂತ ನನಗೆ ಅಂಜಿಕೆ ಇತ್ತು. ಆಗ ಕೆನಡಿಯದೇ ಇನ್ನೊಂದು ಕಥೆ ಹೇಳಿದೆ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ, ಹೆಚ್ಚು ಕಡಿಮೆ ಅದೇ ಸಲಹೆಗಾರರು ಕೂತಿದ್ದರು. ಈ ಸಲ ಕೆನಡಿ ಕೆಲವು ಸಭೆಗಳಿಂದ ಬೇಕಂತಲೇ ಹೊರಗಿದ್ದರು, ತಾವಿಲ್ಲದಾಗ ಜನ ಬಿಚ್ಚಿ ಮಾತಾಡಲಿ ಅಂತ. ಮೊದಲು ಬಾಂಬ್ ದಾಳಿಯ ಕಡೆ ವಾಲಿದ್ದ ಮಾತು ಕೊನೆಗೆ ಸಮುದ್ರದಲ್ಲಿ ತಡೆ ಹಾಕುವ ದಾರಿಗೆ ಬಂತು. ಅಧ್ಯಕ್ಷರು ಕೇಳಿಸಿಕೊಂಡು, "ಅಷ್ಟ ದೊಡ್ಡಾಂವಗ ಆದೀತಂದ್ರ ನನಗ್ಯಾಕ ಆಗೂದಿಲ್ಲ, ಮಾಡೋಣ್ರೀ" ಅಂದರು. ಅವರನ್ನು ನಾನು ಇವತ್ತಿಗೂ ಗೌರವಿಸುವುದು ಆ ಒಂದು ಮಾತಿಗೆ.

ಚೀಟಿ ಪದ್ಧತಿಯಲ್ಲಿ ಮೆಣಸಿನಕಾಯಿ ಸಾಲದ ವಿಷಯ ಮೊದಲ ಸಲ ಬಂದಾಗ ಲಾರಿಯವರ ಚೀಟಿಯಲ್ಲಿ 55 ಅಂತಿತ್ತು. ಅದರ ಕೆಳಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ಹಳೆಯ ಚೀಲಗಳು ಎಷ್ಟು ಉಳಿದಿವೆ ಅನ್ನುವ ಅಂದಾಜು ಇತ್ತು. ಅರ್ಧ ಗಂಟೆ ಆ ಚೀಲಗಳ ಮೇಲೇ ಮಾತು ನಡೆಯಿತು. ಕೊನೆಗೆ 60 ಅಂತ ಠರಾವಾಯಿತು. ಇಬ್ಬರ ವಿರೋಧವನ್ನೂ ಬರೆದುಕೊಂಡೆ.

ಆ ವರ್ಷ ಬೆಲೆ ಬೀಳಲಿಲ್ಲ, ಚೂರು ಏರಿತು. ವಿರೋಧ ಹಾಕಿದ್ದವರಲ್ಲಿ ಒಬ್ಬರು ಬಂದು, "ಎಪ್ಪತ್ತು ಕೊಡಬಹುದಿತ್ತಲ್ರೀ ಕಾರ್ಯದರ್ಶಿಗಳ" ಅಂದರು. ಕೊಡಬಹುದಿತ್ತು ಅಂತ ನಾನೂ ಒಪ್ಪಿದೆ. ನಡಾವಳಿ ಪುಸ್ತಕ ತೆಗೆದು ಅವರ ಕಾರಣವನ್ನು ಅವರಿಗೇ ಓದಿ ತೋರಿಸಿದೆ. ಮುಂದಿನ ಸಭೆಯ ಚೀಟಿಗೆ ಅದನ್ನೇ ಮೊದಲ ಸಾಲಾಗಿ ಬರೆದುಕೊಂಡು ಬಂದರು.